ಕೊಡಗಿನ ಕಲ್ಲು ಒಂದು ಕಾಲದಲ್ಲಿ ಬಾಗಿತ್ತು, ಈಗ ಒಡೆಯುತ್ತದೆ: ನೆಲ ನಡುಗಿದಾಗ ಕೆಳಗೆ ಏನಾಗುತ್ತದೆ?

2022ರ ಜೂನ್ ಕೊನೆ ಮತ್ತು ಜುಲೈ ಮೊದಲ ವಾರಗಳಲ್ಲಿ ಚೆಂಬು, ಸಂಪಾಜೆ, ಕರಿಕೆ ಕಡೆಯ ಜನ ಸರಿಯಾಗಿ ನಿದ್ದೆ ಮಾಡಲಿಲ್ಲ. ಮತ್ತೆ ಮತ್ತೆ ನೆಲ ನಡುಗಿತು. ಆಚೆ ಸುಳ್ಯದಲ್ಲೂ ಅದೇ ಕತೆ. ದೊಡ್ಡ ಕಂಪನ ಅಂದರೂ 3ರ ಆಸುಪಾಸಿನ ತೀವ್ರತೆ. ಮನೆ ಬೀಳಿಸುವಂಥದ್ದಲ್ಲ. ಆದರೆ ನಡುಕದ ಜೊತೆ ಒಂದು ಶಬ್ದ ಬರುತ್ತಿತ್ತು. ಭೂಮಿಯ ಒಳಗಿನಿಂದ ಗುಡುಗಿದ ಹಾಗೆ. ಹೆಂಚು, ಪಾತ್ರೆ ಅಲುಗಾಡಿದ್ದಕ್ಕಿಂತ ಆ ಶಬ್ದಕ್ಕೇ ಜನ ಜಾಸ್ತಿ ಹೆದರಿದರು.

ಹೆದರಿಕೆಗೆ ಕಾರಣವೂ ಇತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದಲ್ಲಿ ಗುಡ್ಡಕ್ಕೆ ಗುಡ್ಡವೇ ಇಳಿದು ಬಂದದ್ದನ್ನು ಇದೇ ಜನ ನೋಡಿದ್ದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಿತ್ತು. ಹಾಗಾಗಿ ನೆಲ ನಡುಗಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಮ್ಮ ಕೆಳಗೆ ಭೂಮಿ ಟೊಳ್ಳಾಗುತ್ತಿದೆಯಾ? ಕಲ್ಲು ಮೆತ್ತಗಾಗಿ ಸಡಿಲವಾಗುತ್ತಿದೆಯಾ? ಈಗಲೂ ಎಲ್ಲೋ ಒಂದು ಕಂಪನ ವರದಿಯಾದರೆ ಸಾಕು, ಅದೇ ಮಾತು ಶುರುವಾಗುತ್ತದೆ.

ವಿಷಯ ಇದಕ್ಕೆ ಪೂರ್ತಿ ಉಲ್ಟಾ ಇದೆ. ಕಲ್ಲು ಮೆತ್ತಗಿದ್ದರೆ ಕಂಪನವೇ ಆಗುವುದಿಲ್ಲ. ಮೆತ್ತಗಿನ ಕಲ್ಲು ಒತ್ತಡಕ್ಕೆ ಸದ್ದಿಲ್ಲದೆ ಬಾಗುತ್ತದೆ. ತಣ್ಣಗೆ, ಗಟ್ಟಿಯಾಗಿ ಇರುವ ಕಲ್ಲು ಮಾತ್ರ ಒತ್ತಡವನ್ನು ತಡೆದುಕೊಂಡು ತಡೆದುಕೊಂಡು ಕೊನೆಗೆ ಪಟ್ಟನೆ ಒಡೆಯುತ್ತದೆ. ಕಂಪನ ಅಂದರೆ ಕೆಳಗಿನ ಕಲ್ಲು ಇನ್ನೂ ಗಟ್ಟಿಯಾಗಿದೆ ಎನ್ನುವುದರ ಗುರುತು. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಕಲ್ಲು ಯಾವಾಗ ಬಾಗುತ್ತದೆ, ಯಾವಾಗ ಒಡೆಯುತ್ತದೆ ಎಂದು ತಿಳಿದರೆ ಈ ಮಾತು ತಾನಾಗಿಯೇ ಅರ್ಥವಾಗುತ್ತದೆ. ಅದನ್ನು ತಿಳಿಯಲು ಕೊಡಗಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಯಾಕೆಂದರೆ ಇಲ್ಲಿನ ಕಲ್ಲು ಎರಡನ್ನೂ ಮಾಡಿದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ರಸ್ತೆಗಾಗಿ ಕಡಿದ ಬರೆಗಳಲ್ಲಿ ಅಲ್ಲಲ್ಲಿ ಹಸಿ ಬಂಡೆ ಕಾಣುತ್ತದೆ. ಹೊಳೆಗಳಲ್ಲಿ ನೀರು ತೊಳೆದು ನುಣುಪಾದ ಬಂಡೆಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಬಿಳಿ ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಬಿಳಿ. ಈ ಪಟ್ಟೆಗಳು ನೇರವಾಗಿರುವುದಿಲ್ಲ. ಮಡಚಿಕೊಂಡಿರುತ್ತವೆ, ಎಳೆದ ಹಾಗೆ ತೆಳ್ಳಗಾಗಿರುತ್ತವೆ. ಒಂದೇ ಒಂದು ಕಡೆ ಕಡಿದುಹೋಗದೆ ಬಾಗಿವೆ. ಇದು ಒಡೆಯದೆ ನಿಧಾನಕ್ಕೆ ಹರಿದ ಕಲ್ಲು, ಡಕ್ಟೈಲ್ ರೀತಿಯಲ್ಲಿ ರೂಪ ಬದಲಿಸಿದ್ದು. ಅದೇ ಬಂಡೆಯ ಮೇಲೆ, ಆ ಮಡಿಕೆಗಳನ್ನೆಲ್ಲ ಅಡ್ಡಡ್ಡ ಕತ್ತರಿಸಿಕೊಂಡು, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಸೀಳುಗಳು ಹೋಗಿರುತ್ತವೆ. ಇದು ಒಡೆದ ಕಲ್ಲು, ಬ್ರಿಟಲ್ ರೀತಿ. ಸೀಳು ಮಡಿಕೆಯನ್ನು ಕತ್ತರಿಸಿದೆ, ಮಡಿಕೆ ಸೀಳನ್ನು ಬಾಗಿಸಿಲ್ಲ. ಅಂದಮೇಲೆ ಮೊದಲು ಬಾಗಿದ್ದು, ಆಮೇಲೆ ಒಡೆದದ್ದು. ಇಷ್ಟನ್ನು ಹೇಳಲು ಯಾವ ಉಪಕರಣವೂ ಬೇಡ, ಯಾವುದು ಯಾವುದನ್ನು ದಾಟಿದೆ ಎಂದು ನೋಡಿದರೆ ಸಾಕು.

ಕಲ್ಲು ಅದೇ. ಅದರೊಳಗಿನ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಎಂಬ ಖನಿಜಗಳೆಲ್ಲ ಹೆಚ್ಚುಕಡಿಮೆ ಅವೇ. ಹಾಗಾದರೆ ಬದಲಾದದ್ದು ಏನು?

ಬದಲಾದದ್ದು ಕಲ್ಲು ಇದ್ದ ಜಾಗ. ದಕ್ಷಿಣ ಕೊಡಗಿನಲ್ಲಿ ಹೆಚ್ಚಾಗಿ ಸಿಗುವ ಚಾರ್ನೊಕೈಟ್ ಎಂಬ ಜಿಡ್ಡುಗಪ್ಪು ಕಲ್ಲು ಮೂರು ನೂರು ಕೋಟಿ ವರ್ಷಕ್ಕೂ ಹಳೆಯದು. ಅದರೊಳಗಿನ ಖನಿಜಗಳು ರೂಪುಗೊಳ್ಳಲು 700-800 ಡಿಗ್ರಿ ಶಾಖ ಬೇಕು. ಜೊತೆಗೆ ಭೂಮಿಯೊಳಗೆ 20-30 ಕಿಲೋಮೀಟರ್ ಆಳದಲ್ಲಿ ಇರುವಷ್ಟು ಒತ್ತಡ ಬೇಕು. ಇವತ್ತು ನಾವು ಕಾಲಿಟ್ಟು ನಿಂತಿರುವ ಬಂಡೆ ಒಂದು ಕಾಲದಲ್ಲಿ ಅಷ್ಟು ಕೆಳಗೆ ಇತ್ತು. ಮೇಲಿದ್ದದ್ದೆಲ್ಲ ಸವೆದು ತೊಳೆದುಹೋಗಿ ಅದು ಮೇಲಕ್ಕೆ ಬಂತು. ಬರುವ ದಾರಿಯಲ್ಲಿ ತಣಿಯಿತು.

ಈಗ ಶಾಖದ ವಿಷಯ. ಬಾಗುವುದೋ ಒಡೆಯುವುದೋ ಎಂದು ತೀರ್ಮಾನಿಸುವುದರಲ್ಲಿ ಇದರದ್ದೇ ದೊಡ್ಡ ಪಾಲು. ಕುಲುಮೆಯಲ್ಲಿ ಒಡಿಕತ್ತಿ ಮಾಡುವವರು ಕಬ್ಬಿಣವನ್ನು ಕರಗಿಸುವುದಿಲ್ಲ, ಕೆಂಪಗೆ ಕಾಯಿಸುತ್ತಾರೆ ಅಷ್ಟೇ. ಕಬ್ಬಿಣ ಗಟ್ಟಿಯಾಗಿಯೇ ಇದ್ದು ಸುತ್ತಿಗೆಗೆ ಬಗ್ಗುತ್ತದೆ. ಕಲ್ಲೂ ಹಾಗೆಯೇ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಕಲ್ಲು ಹರಿಯಿತು ಅಂದ ತಕ್ಷಣ ಜನ ಲಾವಾರಸವನ್ನು ನೆನೆಸಿಕೊಳ್ಳುತ್ತಾರೆ. ಇಲ್ಲಿ ಕರಗಿದ್ದು ಏನೂ ಇಲ್ಲ. ಪ್ರತಿ ಹರಳಿನಲ್ಲೂ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಆ ಸಾಲುಗಳಲ್ಲಿ ಅಲ್ಲಲ್ಲಿ ಸಣ್ಣ ತಪ್ಪುಗಳಿರುತ್ತವೆ, ಒಂದು ಸಾಲು ಅರ್ಧಕ್ಕೆ ನಿಂತುಹೋದ ಹಾಗೆ. ಒತ್ತಡ ಬಿದ್ದಾಗ ಆ ತಪ್ಪು ಹರಳಿನೊಳಗೆ ಒಂದೊಂದೇ ಹೆಜ್ಜೆ ಸರಿಯುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಅದು ದಾಟಿಹೋದಾಗ ಹರಳಿನ ಮೇಲರ್ಧ ಕೆಳಗಿನರ್ಧದ ಮೇಲೆ ಒಂದು ಪರಮಾಣುವಿನಷ್ಟು ಸರಿದಿರುತ್ತದೆ. ಇಂಥ ಕೋಟ್ಯಂತರ ಸಣ್ಣ ಸರಿದಾಟ ಸೇರಿದರೆ ಬಂಡೆಯೇ ಮಡಚಿಕೊಳ್ಳುತ್ತದೆ, ಎಲ್ಲೂ ಬಿರುಕು ಬಿಡದೆ. ಶಾಖ ಇದ್ದರೆ ಪರಮಾಣುಗಳು ಸುಲಭವಾಗಿ ಜಾಗ ಬದಲಿಸುತ್ತವೆ, ಸರಿದಾಟ ಸರಾಗವಾಗಿ ಸಾಗುತ್ತದೆ. ತಣ್ಣಗಿದ್ದರೆ ಅವು ಸಿಕ್ಕಿಹಾಕಿಕೊಳ್ಳುತ್ತವೆ. ಒತ್ತಡ ಏರುತ್ತಲೇ ಹೋಗಿ ಹರಳಿನ ನಂಟೇ ಕಡಿದುಹೋಗುತ್ತದೆ. ಅದೇ ಬಿರುಕು.

ಎಲ್ಲ ಖನಿಜವೂ ಒಂದೇ ಶಾಖಕ್ಕೆ ಬಗ್ಗುವುದಿಲ್ಲ. ಬೆಣಚು ಸುಮಾರು 300 ಡಿಗ್ರಿಗೆ ಹರಿಯಲು ಶುರು ಮಾಡುತ್ತದೆ. ಫೆಲ್ಡ್‌ಸ್ಪಾರ್‌ಗೆ 450ರಿಂದ 500 ಡಿಗ್ರಿ ಬೇಕು. ಕಾಗೆಬಂಗಾರ ಇನ್ನೂ ಕಡಿಮೆ ಶಾಖದಲ್ಲೇ ಪದರ ಪದರವಾಗಿ ಜಾರುತ್ತದೆ. ಈ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕಾದರೆ ಮಡಿಕೇರಿಯ ಸುತ್ತಮುತ್ತ ಒಂದು ವಿಶೇಷ ಪಟ್ಟಿ ಇದೆ.

ಭೂವಿಜ್ಞಾನಿಗಳು ಅದನ್ನು ಮರ್ಕೇರಾ ಶಿಯರ್ ಝೋನ್ ಎನ್ನುತ್ತಾರೆ. ವಾಯವ್ಯದಿಂದ ಆಗ್ನೇಯಕ್ಕೆ ಹಾದುಹೋಗುವ ಪಟ್ಟಿ ಅದು. ಅದರ ಒಂದು ಕಡೆ ಕೊಡಗಿನ ಹಳೆಯ ಭೂಖಂಡದ ತುಂಡು, ಇನ್ನೊಂದು ಕಡೆ ಧಾರವಾಡದ ಹೆಸರಿನ ದೊಡ್ಡ ತುಂಡು. ಇವೆರಡೂ ಒಂದಕ್ಕೊಂದು ಒತ್ತಿಕೊಂಡು ಉಜ್ಜಿಕೊಂಡು ಸರಿದ ಜಾಗ ಇದು. ಅಷ್ಟು ಆಳದಲ್ಲಿ ಸರಿಯುವಾಗ ಒಂದೇ ಬಿರುಕಿನಲ್ಲಿ ಜಾರಲಿಲ್ಲ. ಅಗಲವಾದ ಪಟ್ಟಿಯೇ ಹಿಟ್ಟು ನಾದಿದ ಹಾಗೆ ಎಳೆದುಕೊಂಡಿತು. ಹಾಗೆ ಎಳೆದು ನುರಿದ ಕಲ್ಲಿಗೆ ಮೈಲೊನೈಟ್ ಎಂದು ಹೆಸರು.

ಮೈಲೊನೈಟಿನ ಒಂದು ಅಂಗೈ ಅಗಲದ ತುಂಡನ್ನು ಪಟ್ಟೆಗೆ ಅಡ್ಡವಾಗಿ ಕತ್ತರಿಸಿ, ಒದ್ದೆ ಮಾಡಿ ಬೆಳಕಿಗೆ ಹಿಡಿದು ನೋಡಿ. ನಡುನಡುವೆ ಕಣ್ಣಿನ ಆಕಾರದ ಬಿಳಿಯ ಅಥವಾ ನಸುಗೆಂಪು ಹರಳುಗಳು ಕಾಣುತ್ತವೆ. ಅವು ಫೆಲ್ಡ್‌ಸ್ಪಾರ್. ಅವುಗಳ ಸುತ್ತ ಬೂದು ಬಣ್ಣದ ಗಾಜಿನಂಥ ದಾರಗಳು ಬಳಸಿಕೊಂಡು ಹೋಗಿರುತ್ತವೆ. ಅದು ಬೆಣಚು. ಮೊದಲು ಅದೂ ಗುಂಡಗಿನ ಕಾಳೇ ಆಗಿತ್ತು, ಎಳೆದು ಎಳೆದು ರಿಬ್ಬನ್ ಆಗಿದೆ. ಈಗ ಲೆನ್ಸ್ ಹಿಡಿದು ಆ ಫೆಲ್ಡ್‌ಸ್ಪಾರ್ ಕಣ್ಣನ್ನು ಗಮನಿಸಿ. ಕೆಲವುದರಲ್ಲಿ ಅಡ್ಡ ಬಿರುಕು ಇರುತ್ತದೆ. ಒಂದು ಹರಳು ಎರಡು ಮೂರು ತುಂಡಾಗಿ, ಒಂದರ ಮೇಲೊಂದು ವಾಲಿಕೊಂಡಿರುತ್ತದೆ. ಬಿರುಕಿನ ಸಂದಿಗೆ ಬೆಣಚು ನುಗ್ಗಿ ತುಂಬಿಕೊಂಡಿರುತ್ತದೆ.

ಅಂದರೆ ಒಂದೇ ಕಲ್ಲಿನಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಖನಿಜ ಹರಿಯಿತು, ಪಕ್ಕದ್ದು ಒಡೆಯಿತು. ಇಂಥ ತುಂಡು ಸಿಕ್ಕರೆ ಅದೊಂದು ಥರ್ಮಾಮೀಟರ್ ಇದ್ದ ಹಾಗೆ. ಬೆಣಚು ಹರಿದಿದೆ, ಹಾಗಾಗಿ ಶಾಖ 300 ಡಿಗ್ರಿಗಿಂತ ಜಾಸ್ತಿ ಇತ್ತು. ಫೆಲ್ಡ್‌ಸ್ಪಾರ್ ಒಡೆದಿದೆ, ಹಾಗಾಗಿ 450ಕ್ಕಿಂತ ಕಡಿಮೆ ಇತ್ತು. ಫೆಲ್ಡ್‌ಸ್ಪಾರ್ ಕೂಡ ಎಳೆದುಕೊಂಡು ಅಂಚಿನಲ್ಲಿ ಪುಡಿಪುಡಿ ಹೊಸ ಹರಳುಗಳಾಗಿದ್ದರೆ ಆ ತುಂಡು ಇನ್ನೂ ಬಿಸಿಯಾಗಿದ್ದಾಗ ಸರಿದದ್ದು. ಬೆಣಚೇ ಒಡೆದು ಚೂರಾಗಿದ್ದರೆ ತಣ್ಣಗಾದ ಮೇಲೆ ಸರಿದದ್ದು. ಹರಿಯುವುದು, ಒಡೆಯುವುದು ಎರಡು ಬೇರೆ ಜಾತಿಯ ಕಲ್ಲುಗಳ ಗುಣ ಎಂದುಕೊಂಡರೆ ಈ ತುಂಡು ಅರ್ಥವೇ ಆಗುವುದಿಲ್ಲ. ನಡುವೆ ಗೆರೆ ಎಳೆದಂಥ ಗಡಿಯೂ ಇಲ್ಲ. 300ರಿಂದ 450 ಡಿಗ್ರಿಯವರೆಗೆ ಒಂದು ಅಗಲವಾದ ಬೆರಕೆ ವಲಯ ಇದೆ.

ಶಾಖದ ನಂತರದ್ದು ಸುತ್ತಲಿನ ಒತ್ತಡ. ಕಲ್ಲನ್ನು ಎಲ್ಲ ಕಡೆಯಿಂದ ಅಮುಕಿ ಹಿಡಿದರೆ ಬಿರುಕು ಬಾಯಿ ತೆರೆಯುವುದು ಕಷ್ಟ. ಬಾಯಿ ತೆರೆಯದಿದ್ದರೆ ಬಿರುಕು ಬೆಳೆಯುವುದಿಲ್ಲ. 1911ರಲ್ಲಿ ಥಿಯೋಡರ್ ಫಾನ್ ಕಾರ್ಮನ್ ಎಂಬ ವಿಜ್ಞಾನಿ ಇಟಲಿಯ ಅಮೃತಶಿಲೆಯ ಕಂಬಗಳನ್ನು ಒತ್ತಿ ನೋಡಿದ. ಸುಮ್ನೆ ಒತ್ತಿದಾಗ ಅವು ಸೀಳಿ ಒಡೆದವು. ಸುತ್ತಲೂ ದ್ರವ ತುಂಬಿ ಜೋರಾದ ಒತ್ತಡದಲ್ಲಿ ಹಿಡಿದು ಒತ್ತಿದಾಗ ಅದೇ ಅಮೃತಶಿಲೆ ಒಡೆಯದೆ ಪೀಪಾಯಿಯ ಹಾಗೆ ಉಬ್ಬಿತು. ಶಾಖ ಹಾಕಿರಲಿಲ್ಲ, ಕೋಣೆಯ ಬಿಸಿ ಅಷ್ಟೇ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಮೇಲಿನ ಕಲ್ಲಿನ ಭಾರ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 260 ಪಟ್ಟು ಏರುತ್ತದೆ. ಹತ್ತು ಕಿಲೋಮೀಟರಿಗೆ 2,600. ಆದರೆ ಅಮೃತಶಿಲೆ ಮೆದು. ಅದರಲ್ಲಿರುವ ಕ್ಯಾಲ್ಸೈಟ್ ಸುಲಭಕ್ಕೆ ಬಗ್ಗುತ್ತದೆ. ಕೊಡಗಿನ ನೈಸ್ ಎಂಬ ಪಟ್ಟೆ ಕಲ್ಲು, ಚಾರ್ನೊಕೈಟ್ ಬರೀ ಒತ್ತಡಕ್ಕೆ ಬಗ್ಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತವೆ. ಆಳ ಹೋದಷ್ಟೂ ಅವನ್ನು ಒಡೆಯಲು ಜಾಸ್ತಿ ಬಲ ಬೇಕು.

ಇಲ್ಲಿಗೆ ಎರಡು ಎಳೆ ಸಿಕ್ಕವು. ಕೆಳಗೆ ಹೋದ ಹಾಗೆ ಒತ್ತಡ ಏರಿ ಕಲ್ಲನ್ನು ಒಡೆಯುವುದು ಕಷ್ಟವಾಗುತ್ತ ಹೋಗುತ್ತದೆ. ಅದೇ ಹೊತ್ತಿಗೆ ಶಾಖ ಏರಿ ಬಾಗಿಸುವುದು ಸುಲಭವಾಗುತ್ತ ಹೋಗುತ್ತದೆ. ಯಾವುದು ಸುಲಭವೋ ಕಲ್ಲು ಅದನ್ನೇ ಮಾಡುತ್ತದೆ. ಮೇಲೆ ಒಡೆಯುವುದು ಸುಲಭ, ಕೆಳಗೆ ಹರಿಯುವುದು ಸುಲಭ. ಎರಡೂ ಸಮವಾಗುವ ಆಳದಲ್ಲಿ ಭೂಪದರ ಎಲ್ಲಕ್ಕಿಂತ ಬಲವಾಗಿರುತ್ತದೆ. ಅಲ್ಲಿಂದ ಕೆಳಗೆ ಸಾಮಾನ್ಯವಾಗಿ ಭೂಕಂಪ ಹುಟ್ಟುವುದಿಲ್ಲ.

ಕೊಡಗಿನ ಕೆಳಗೆ ಆ ಆಳ ಎಷ್ಟು? ಲೆಕ್ಕ ಹಾಕಿ ನೋಡೋಣ, ಕಷ್ಟವೇನಿಲ್ಲ.

ಭೂಮಿಯ ಮೇಲೆ ಬಿಸಿ 25 ಡಿಗ್ರಿ ಎಂದು ಇಟ್ಟುಕೊಳ್ಳಿ. ಪುಸ್ತಕಗಳಲ್ಲಿ ಕೊಡುವ ಸಾಮಾನ್ಯ ಲೆಕ್ಕ, ಕಿಲೋಮೀಟರಿಗೆ 25 ಡಿಗ್ರಿ ಏರಿಕೆ. ಹಾಗಾದರೆ 300 ಡಿಗ್ರಿ ಬರುವುದು 11 ಕಿಲೋಮೀಟರಿಗೆ. 450 ಡಿಗ್ರಿ ಬರುವುದು 17 ಕಿಲೋಮೀಟರಿಗೆ. ಆದರೆ ಈ ಲೆಕ್ಕ ನಮ್ಮ ಕಡೆಗೆ ಹೊಂದುವುದಿಲ್ಲ. ದಕ್ಷಿಣ ಕರ್ನಾಟಕದ ನೆಲ ಬಹಳ ಹಳೆಯದು, ಬಹಳ ತಣ್ಣಗಿನದು. ಕೋಲಾರದ ಚಿನ್ನದ ಗಣಿಯೇ ಇದಕ್ಕೆ ಸಾಕ್ಷಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ತಳದ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಪುಸ್ತಕದ ಲೆಕ್ಕದಂತೆ ಅದು 100 ಡಿಗ್ರಿ ದಾಟಬೇಕಿತ್ತು. ಕಿಲೋಮೀಟರಿಗೆ 12-13 ಡಿಗ್ರಿ ಮಾತ್ರ ಏರಿದೆ ಅಂತಾಯಿತು. ಕೋಲಾರ ಕೊಡಗಿನಿಂದ ದೂರ ಇದೆ, ಆದರೆ ಅದೂ ಇದೇ ಹಳೆಯ ತಣ್ಣಗಿನ ಭೂಪದರದ ಭಾಗ.

ಕೊಡಗಿಗೆ ಸ್ವಲ್ಪ ಧಾರಾಳವಾಗಿ ಕಿಲೋಮೀಟರಿಗೆ 15 ಡಿಗ್ರಿ ಎಂದು ಹಿಡಿಯೋಣ. ಬೆಣಚು ಹರಿಯಲು ಶುರುವಾಗುವ 300 ಡಿಗ್ರಿ ಸುಮಾರು 18 ಕಿಲೋಮೀಟರ್ ಕೆಳಗೆ. ಫೆಲ್ಡ್‌ಸ್ಪಾರ್ ಹರಿಯುವ 450 ಡಿಗ್ರಿ ಸುಮಾರು 28 ಕಿಲೋಮೀಟರ್ ಕೆಳಗೆ. ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಶಾಖ ಒಂದೇ ಸಮನೆ ಏರುವುದಿಲ್ಲ. ಕಲ್ಲಿನೊಳಗೆ ಶಾಖ ಹುಟ್ಟಿಸುವ ಯುರೇನಿಯಂ, ಥೋರಿಯಂ, ಪೊಟ್ಯಾಶಿಯಂ ಮೇಲಿನ ಪದರದಲ್ಲೇ ಜಾಸ್ತಿ. ಹಾಗಾಗಿ ಕೆಳಗೆ ಹೋದಂತೆ ಏರಿಕೆ ಇನ್ನೂ ನಿಧಾನವಾಗುತ್ತದೆ. ನಿಜವಾದ ಆಳ ಈ ಅಂಕಿಗಳಿಗಿಂತ ಜಾಸ್ತಿಯೇ ಇರಬೇಕು, ಕಡಿಮೆ ಅಲ್ಲ.

ಇದು ಬರೀ ಕಾಗದದ ಲೆಕ್ಕ ಅನ್ನಿಸಬಹುದು. 1997ರ ಮೇ 22ರಂದು ಜಬಲ್ಪುರದಲ್ಲಿ 5.8 ತೀವ್ರತೆಯ ಭೂಕಂಪ ಆಯಿತು. ಅದು ಹುಟ್ಟಿದ್ದು ಸುಮಾರು 35 ಕಿಲೋಮೀಟರ್ ಆಳದಲ್ಲಿ, ಭೂಪದರದ ತಳದ ಹತ್ತಿರ. ಪುಸ್ತಕದ ಸಾಮಾನ್ಯ ಲೆಕ್ಕದಲ್ಲಿ ಅಲ್ಲಿ ಕಲ್ಲು ಸದ್ದಿಲ್ಲದೆ ಹರಿಯಬೇಕಿತ್ತು. ಆದರೆ ಒಡೆಯಿತು. ಭಾರತದ ಹಳೆಯ ನೆಲದಲ್ಲಿ ಒಡೆಯುವ ವಲಯ ಎಷ್ಟು ಕೆಳಗಿನವರೆಗೂ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ.

ಇದರಲ್ಲಿ ಶಾಖದ ಜೊತೆ ನೀರಿನ ಪಾತ್ರವೂ ಇದೆ. 1965ರಲ್ಲಿ ಡೇವಿಡ್ ಗ್ರಿಗ್ಸ್ ಮತ್ತು ಜೊತೆಯವರು ಬೆಣಚನ್ನು ಒತ್ತಿ ನೋಡುವಾಗ ಒಂದು ವಿಷಯ ಕಂಡುಕೊಂಡರು. ಒಣಗಿದ ಬೆಣಚು ಭಾರೀ ಗಟ್ಟಿ. ಹರಳಿನೊಳಗೆ ಅತಿ ಸ್ವಲ್ಪ ನೀರಿನ ಅಂಶ ಸೇರಿಕೊಂಡರೆ ಅದೇ ಬೆಣಚು ಅದೇ ಶಾಖದಲ್ಲಿ ಸುಲಭವಾಗಿ ಹರಿಯುತ್ತದೆ. ಪರಮಾಣುಗಳ ನಡುವಿನ ಗಟ್ಟಿ ನಂಟನ್ನು ನೀರು ಸಡಿಲ ಮಾಡುತ್ತದೆ, ಅದಕ್ಕೆ ಸರಿದಾಟ ಸಲೀಸಾಗುತ್ತದೆ. ಚಾರ್ನೊಕೈಟ್ ಹುಟ್ಟುವುದೇ ಒಣ ವಾತಾವರಣದಲ್ಲಿ. ಅದರಲ್ಲಿ ಫೆಲ್ಡ್‌ಸ್ಪಾರ್ ಜಾಸ್ತಿ, ನೀರಿನಂಶ ಕಡಿಮೆ. ತಣ್ಣಗಿನ, ಒಣಗಿದ, ಫೆಲ್ಡ್‌ಸ್ಪಾರ್ ತುಂಬಿದ ಕಲ್ಲು ಬಹಳ ಆಳದಲ್ಲಿದ್ದರೂ ಸುಲಭಕ್ಕೆ ಬಗ್ಗಲು ಒಪ್ಪುವುದಿಲ್ಲ.

ಶಿಯರ್ ಝೋನ್ ಮಾತ್ರ ಬೇರೆ. ಅಂಥ ಪಟ್ಟಿಗಳೊಳಗೆ ನೀರು ಇಳಿದರೆ ಫೆಲ್ಡ್‌ಸ್ಪಾರ್ ಕೆಟ್ಟು ಕಾಗೆಬಂಗಾರವಾಗುತ್ತದೆ. ಎಳೆದಾಟದಲ್ಲಿ ಹರಳುಗಳು ಸಣ್ಣದಾಗುತ್ತವೆ. ಸಣ್ಣ ಹರಳಿನ ಕಲ್ಲು ಇನ್ನೂ ಸುಲಭಕ್ಕೆ ಹರಿಯುತ್ತದೆ. ಒಮ್ಮೆ ಮೆತ್ತಗಾದ ಪಟ್ಟಿ ಮುಂದಿನ ಒತ್ತಡವನ್ನೂ ತಾನೇ ಹೀರಿಕೊಂಡು ಇನ್ನಷ್ಟು ಮೆತ್ತಗಾಗುತ್ತದೆ. ಅಕ್ಕಪಕ್ಕದ ಕಲ್ಲು ಹಾಗೆಯೇ ಗಟ್ಟಿ ಉಳಿಯುತ್ತದೆ. ಭೂಖಂಡದ ತುಂಡುಗಳ ನಡುವಿನ ಸರಿದಾಟ ಇಡೀ ನೆಲಕ್ಕೆ ಹರಡದೆ ಒಂದು ಪಟ್ಟಿಯೊಳಗೇ ಸೇರಿಕೊಳ್ಳುವುದು ಇದೇ ಕಾರಣಕ್ಕೆ.

ನೀರಿಗೆ ಇನ್ನೊಂದು ಮುಖ ಇದೆ, ಮತ್ತು ಅದು ಪೂರ್ತಿ ವಿರುದ್ಧದ್ದು. ಹರಳಿನೊಳಗೆ ಸೇರಿದ ನೀರು ಕಲ್ಲನ್ನು ಬಾಗಿಸಲು ಸಹಾಯ ಮಾಡಿದರೆ, ಬಿರುಕಿನೊಳಗೆ ತುಂಬಿಕೊಂಡ ನೀರು ಒಡೆಯಲು ಸಹಾಯ ಮಾಡುತ್ತದೆ. ಬಿರುಕಿನ ಎರಡು ಮುಖಗಳನ್ನು ಮೇಲಿನ ಭಾರ ಒತ್ತಿ ಹಿಡಿದಿರುತ್ತದೆ. ಆ ಒತ್ತುವಿಕೆಯಿಂದ ಹುಟ್ಟುವ ಘರ್ಷಣೆಯೇ ಜಾರದಂತೆ ತಡೆಯುವುದು. ಬಿರುಕಿನಲ್ಲಿ ನೀರು ತುಂಬಿ ಅದರ ಒತ್ತಡ ಏರಿದರೆ ಅದು ಎರಡು ಮುಖಗಳನ್ನು ದೂರ ತಳ್ಳುತ್ತದೆ. ಹಿಡಿತ ಸಡಿಲವಾಗುತ್ತದೆ. ಮೊದಲೇ ಜಾರುವ ಹಂತಕ್ಕೆ ಬಂದಿದ್ದ ಬಿರುಕು ಜಾರಿಬಿಡುತ್ತದೆ. 1967ರ ಡಿಸೆಂಬರ್‌ನ ಕೊಯ್ನಾ ಭೂಕಂಪದ ನಂತರ ಜಲಾಶಯದ ನೀರಿಗೂ ಭೂಕಂಪಕ್ಕೂ ಇರುವ ಈ ನಂಟಿನ ಬಗ್ಗೆ ನಮ್ಮ ದೇಶದಲ್ಲಿ ಬಹಳ ಅಧ್ಯಯನ ನಡೆದಿದೆ. ಕೊಡಗಿನಂಥ ಕಡೆ ಮಳೆಗಾಲದಲ್ಲಿ ಸಣ್ಣ ಕಂಪನಗಳು ಬಂದಾಗ ಮಳೆ ನೀರು ಹಳೆಯ ಸೀಳುಗಳಲ್ಲಿ ಇಳಿದಿರಬಹುದು ಎಂಬ ವಿವರಣೆ ಕೇಳಿಬರುವುದು ಇದರಿಂದಲೇ. ಆಗಬಹುದಾದ ಸಂಗತಿ ಅದು. ಆದರೆ ನೀರು ಒತ್ತಡವನ್ನು ಹುಟ್ಟಿಸುವುದಿಲ್ಲ, ಇರುವ ಒತ್ತಡಕ್ಕೆ ದಾರಿ ಬಿಡುತ್ತದೆ ಅಷ್ಟೇ. ಆ ಒತ್ತಡ ಬರುವುದು ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಹೋಗಿ ಏಷ್ಯಾಕ್ಕೆ ಒತ್ತಿಕೊಂಡಿರುವುದರಿಂದ.

ಇನ್ನು ವೇಗ. ಇದನ್ನು ಜನ ಮರೆಯುತ್ತಾರೆ. ಪ್ರಯೋಗಾಲಯದಲ್ಲಿ ಕಲ್ಲನ್ನು ನೂರರಲ್ಲಿ ಒಂದು ಪಾಲು ಕುಗ್ಗಿಸಲು ಹದಿನೈದಿಪ್ಪತ್ತು ನಿಮಿಷ ತೆಗೆದುಕೊಂಡರೆ ಅದೇ ನಿಧಾನ. ಭೂಮಿಯೊಳಗೆ ಅಷ್ಟೇ ಬದಲಾವಣೆಗೆ ಮೂವತ್ತು ಸಾವಿರ ವರ್ಷ ಹಿಡಿಯುವುದು ಮಾಮೂಲು. ಅಷ್ಟು ನಿಧಾನಕ್ಕೆ ಒತ್ತಿದರೆ ಪರಮಾಣುಗಳಿಗೆ ಜಾಗ ಬದಲಿಸಲು ಸಮಯ ಸಿಗುತ್ತದೆ, ಕಲ್ಲು ಹರಿಯುತ್ತದೆ. ಅದೇ ಶಾಖದಲ್ಲಿ ಬೇಗ ಒತ್ತಿದರೆ ಸಮಯ ಸಾಲದೆ ಒಡೆಯುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲಿ ಬೆಣಚನ್ನು ಹರಿಸಬೇಕಾದರೆ 300 ಡಿಗ್ರಿ ಸಾಲುವುದಿಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಕಾಯಿಸಬೇಕು. ನಮಗೆ ಇಲ್ಲದ ಸಮಯವನ್ನು ಶಾಖದಿಂದ ತುಂಬಿಕೊಳ್ಳುವ ಉಪಾಯ ಅದು. ಪ್ರಯೋಗದ ಅಂಕಿಗಳನ್ನು ಭೂಮಿಯ ವೇಗಕ್ಕೆ ಎಳೆದು ಹೊಂದಿಸುವಾಗ ತಪ್ಪು ನುಸುಳುವುದೂ ಇಲ್ಲೇ. ಆದ್ದರಿಂದ ಮೇಲೆ ಹೇಳಿದ 300, 450 ಡಿಗ್ರಿಗಳನ್ನು ಕೂದಲು ಸೀಳುವಷ್ಟು ನಿಖರ ಎಂದು ಯಾರೂ ತಿಳಿಯಬಾರದು.

ಈಗ ಚೆಂಬು, ಸಂಪಾಜೆಗೆ ಬರೋಣ. 3 ತೀವ್ರತೆಯ ಕಂಪನ ಅಂದರೆ ನೆಲದೊಳಗೆ ಎಷ್ಟು ದೊಡ್ಡ ಬಿರುಕು ಜಾರಿದೆ? ಸಾಮಾನ್ಯ ಲೆಕ್ಕದಲ್ಲಿ ಮುನ್ನೂರು ಮೀಟರ್ ಅಗಲದ ಒಂದು ತೇಪೆ, ಜಾರಿದ್ದು ಒಂದು ಸೆಂಟಿಮೀಟರಿನಷ್ಟು. ಅಷ್ಟೇ. ಒಂದು ಸಣ್ಣ ಕಾಫಿ ತೋಟದಷ್ಟು ಜಾಗದಲ್ಲಿ ಕಲ್ಲಿನ ಎರಡು ಮುಖ ಬೆರಳಗಲಕ್ಕಿಂತ ಕಡಿಮೆ ಸರಿದಿವೆ. ಅದು ಒಂದು ಕ್ಷಣದೊಳಗೆ ಆಗುತ್ತದೆ, ಅದಕ್ಕೇ ಅಲೆ ಹುಟ್ಟುತ್ತದೆ. ತೇಪೆ ಸಣ್ಣದಾದಷ್ಟೂ ಅಲೆಯ ಕಂಪನ ಚುರುಕು. ಗಟ್ಟಿ, ತಣ್ಣಗಿನ ಬಂಡೆ ಆ ಚುರುಕು ಅಲೆಗಳನ್ನು ನುಂಗದೆ ಮೇಲಕ್ಕೆ ಸಾಗಿಸುತ್ತದೆ. ನೆಲ ತಲುಪಿದ ಅಲೆ ಗಾಳಿಗೆ ದಾಟಿದಾಗ ನಮ್ಮ ಕಿವಿಗೆ ಗುಡುಗಿನಂತೆ ಕೇಳುತ್ತದೆ. ಜನರನ್ನು ಅಷ್ಟು ಹೆದರಿಸಿದ ಶಬ್ದ ಬಂಡೆ ಟೊಳ್ಳಾದ್ದರಿಂದ ಬಂದದ್ದಲ್ಲ, ಬಂಡೆ ಗಟ್ಟಿ ಇದ್ದುದರಿಂದ ಬಂದದ್ದು. ಕೋಲಾರದ ಗಣಿಗಳಲ್ಲೂ ಇದೇ ಜಾತಿಯ ಸಿಡಿತಗಳಾಗುತ್ತಿದ್ದವು. ಗಟ್ಟಿ ಬಂಡೆ ಒತ್ತಡ ತಾಳದೆ ಸಿಡಿಯುತ್ತಿತ್ತು, ಮೇಲಿನ ಊರಿನ ಮನೆಗಳು ನಡುಗುತ್ತಿದ್ದವು.

ಆಳದ ಬಗ್ಗೆ ಒಂದು ಎಚ್ಚರಿಕೆ. ಸಣ್ಣ ಕಂಪನಗಳ ವರದಿಯಲ್ಲಿ 10 ಕಿಲೋಮೀಟರ್ ಆಳ ಎಂದು ಬರೆದಿರುವುದನ್ನು ಮತ್ತೆ ಮತ್ತೆ ನೋಡಿರುತ್ತೀರಿ. ಹತ್ತಿರದಲ್ಲಿ ಸಾಕಷ್ಟು ಮಾಪನ ಕೇಂದ್ರಗಳು ಇಲ್ಲದಿದ್ದರೆ ಆಳವನ್ನು ಸರಿಯಾಗಿ ಲೆಕ್ಕ ಹಾಕಲು ಆಗುವುದಿಲ್ಲ. ಆಗ 10 ಎಂಬ ಅಂಕಿಯನ್ನು ಮೊದಲೇ ಇಟ್ಟುಕೊಂಡು ಜಾಗವನ್ನು ಮಾತ್ರ ಹುಡುಕುವುದು ಜಗತ್ತಿನಾದ್ಯಂತ ಇರುವ ರೂಢಿ. ಆ ಅಂಕಿಯನ್ನು ಜಾಸ್ತಿ ನೆಚ್ಚಿಕೊಳ್ಳಬಾರದು. ಕಂಪನ 3 ಕಿಲೋಮೀಟರಿನಲ್ಲಿ ಹುಟ್ಟಿರಲಿ, 15ರಲ್ಲಿ ಹುಟ್ಟಿರಲಿ, ನಮ್ಮ ಲೆಕ್ಕದ ಪ್ರಕಾರ ಎರಡೂ ಒಡೆಯುವ ವಲಯದ ಒಳಗೇ ಇವೆ. ಅಷ್ಟು ಹೇಳಬಹುದು. ಸಣ್ಣ ಕಂಪನಗಳನ್ನು ನೋಡಿ ದೊಡ್ಡದು ಬರುತ್ತದೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಹೇಳಲು ಇಷ್ಟು ಸಾಕಾಗುವುದಿಲ್ಲ.

ಹಾಗಾದರೆ ಗುಡ್ಡ ಕುಸಿತಕ್ಕೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧ ಕಡಿಮೆ. 2018ರಲ್ಲಿ ಹರಿದು ಬಂದದ್ದು ಬಹುಪಾಲು ಮಣ್ಣು, ಕೊಳೆತ ಕಲ್ಲು. ನೀರು ಕುಡಿದ ಮಣ್ಣು ಇಳಿಜಾರಿನಲ್ಲಿ ಹರಿಯುವುದನ್ನು ಕಣ್ಣಾರೆ ಕಂಡವರಿಗೆ ಬಂಡೆಯೂ ಹಾಗೆಯೇ ಕರಗುತ್ತಿದೆ ಅನ್ನಿಸುವುದು ಸಹಜ. ಆದರೆ ಆಳದಲ್ಲಿ ಬಂಡೆ ಹರಿಯುವುದಕ್ಕೂ ಬರೆಯ ಮಣ್ಣು ಹರಿಯುವುದಕ್ಕೂ ಯಾವ ನಂಟೂ ಇಲ್ಲ. ಒಂದಕ್ಕೆ ನೂರಾರು ಡಿಗ್ರಿ ಶಾಖ ಮತ್ತು ಲಕ್ಷಾಂತರ ವರ್ಷ ಬೇಕು. ಇನ್ನೊಂದಕ್ಕೆ ಒಂದು ವಾರದ ಜಡಿಮಳೆ ಮತ್ತು ಬುಡ ಕಡಿದ ಇಳಿಜಾರು ಸಾಕು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೂಡ ಭಾರೀ ಮಳೆಯ ಜೊತೆ ಮನೆ, ರಸ್ತೆಗಾಗಿ ಇಳಿಜಾರು ಕಡಿದದ್ದನ್ನೇ ಕಾರಣವಾಗಿ ಹೇಳಿತ್ತು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಕುಸಿತದ ಹೊಣೆಯನ್ನು ಪಾತಾಳದ ಮೇಲೆ ಹಾಕಿದರೆ ಬರೆ ಕಡಿಯುವುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಪರೋಕ್ಷ ಸಂಬಂಧ ಮಾತ್ರ ಇದೆ. ಮಳೆ ನೀರು ಬಂಡೆಯೊಳಗೆ ಇಳಿಯುವುದು ಅದು ಒಡೆದಾಗ ಆದ ಸೀಳುಗಳ ಮೂಲಕ, ಮತ್ತು ಹರಿದಾಗ ಆದ ಕಾಗೆಬಂಗಾರದ ಪದರಗಳ ಮೂಲಕ. ನೀರು ಇಳಿದ ಕಡೆ ಫೆಲ್ಡ್‌ಸ್ಪಾರ್ ಕೊಳೆತು ಶೇಡಿ ಮಣ್ಣಾಗುತ್ತದೆ. ಸೀಳು ಒತ್ತೊತ್ತಾಗಿರುವ ಕಡೆ ಮಣ್ಣಿನ ಪದರ ದಪ್ಪ, ಸೀಳು ವಿರಳವಾಗಿರುವ ಕಡೆ ಬಂಡೆ ಮೇಲೆಯೇ ಕಾಣುತ್ತದೆ. ಸೀಳೋ ಪದರವೋ ಯಾವ ಕಡೆಗೆ ವಾಲಿದೆ ಎನ್ನುವುದೂ ಮುಖ್ಯ. ಗುಡ್ಡದ ಒಳಕ್ಕೆ ವಾಲಿದ್ದರೆ ಬರೆ ಸ್ವಲ್ಪ ಮಟ್ಟಿಗೆ ನಿಲ್ಲುತ್ತದೆ. ರಸ್ತೆಯ ಕಡೆಗೆ, ಬರೆಗಿಂತ ಕಡಿಮೆ ಇಳಿಜಾರಿನಲ್ಲಿ ವಾಲಿದ್ದರೆ ಬುಡ ಕಡಿದ ಕೂಡಲೇ ಮೇಲಿನ ತುಂಡಿಗೆ ಆಸರೆ ತಪ್ಪುತ್ತದೆ.

ಹಾಗಾಗಿ ಕಂಪನದ ಮರುದಿನ ತೋಟದಲ್ಲಿ ಬಿರುಕು ಕಂಡರೆ ಅದು ಯಾವ ಬಿರುಕು ಎಂದು ಬೇರ್ಪಡಿಸಿ ನೋಡಬೇಕು. 3ರ ಕಂಪನದಲ್ಲಿ ಜಾರುವ ತೇಪೆ ಕಿಲೋಮೀಟರುಗಟ್ಟಲೆ ಕೆಳಗಿರುತ್ತದೆ, ಅದು ಮೇಲೆ ಬಂದು ಮಣ್ಣನ್ನು ಸೀಳುವುದಿಲ್ಲ. ಮಣ್ಣಿನಲ್ಲಿ ಕಾಣುವ ಬಿರುಕು ಇಳಿಜಾರಿನ ಮೇಲ್ಭಾಗದಲ್ಲಿದ್ದು, ಅರ್ಧಚಂದ್ರದ ಹಾಗೆ ಬಾಗಿ, ಎರಡು ತುದಿಗಳೂ ಕೆಳಮುಖವಾಗಿದ್ದರೆ ಅದು ಬರೆಯದ್ದು, ಭೂಕಂಪದ್ದಲ್ಲ. ಬಿರುಕಿನ ಕೆಳಗಿನ ಪಕ್ಕ ಮೇಲಿನದಕ್ಕಿಂತ ತಗ್ಗಿಗೆ ಇಳಿದಿದ್ದರೆ, ಮರವೋ ವಿದ್ಯುತ್ ಕಂಬವೋ ವಾಲಿದ್ದರೆ, ಕೆಳಗಿನ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿದ್ದರೆ ಆ ಇಳಿಜಾರು ಆಗಲೇ ಸರಿಯಲು ಶುರು ಮಾಡಿದೆ. ಅದರ ಕೆಳಗಿನ ಮನೆಯವರು ಭೂಕಂಪದ ವರದಿಗೆ ಕಾಯದೆ ಮಳೆ ನಿಲ್ಲುವವರೆಗೆ ಬೇರೆ ಕಡೆ ಹೋಗಬೇಕು. ಬಿರುಕಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ ತೋಡಬಹುದು. ಆದರೆ ಅದು ಆಚೀಚೆ ಸುರಕ್ಷಿತವಾಗಿ ನಿಂತು ಮಾಡಲು ಸಾಧ್ಯವಾದರೆ ಮಾತ್ರ.